ಉಯಿಲಿನ ಒಂದೇ ಪ್ಯಾರಾ ಬದಲಿಸುವ ಕೋಡಿಸಿಲ್: ಬರಹ ಮತ್ತು ಸಾಕ್ಷಿ

ಭಾರತೀಯ ಉತ್ತರಾಧಿಕಾರ ಅಧಿನಿಯಮ, 1925ರ 2ನೇ ಕಲಂ ಪ್ರಕಾರ, ಈಗಾಗಲೇ ಇರುವ ಉಯಿಲಿನ ವಿಲೇವಾರಿಗಳನ್ನು ವಿವರಿಸುವ, ಬದಲಿಸುವ ಅಥವಾ ಅವುಗಳಿಗೆ ಸೇರಿಸುವ ಪತ್ರವೇ ಕೋಡಿಸಿಲ್. ಅದು ಉಯಿಲಿನ ಭಾಗವೆಂದೇ ಪರಿಗಣಿತವಾಗುತ್ತದೆ. ನಮ್ಮ ಕಡೆಯ ಪತ್ರ ಬರಹಗಾರರು ಇದನ್ನು ಉಯಿಲಿನ ಪೂರಕ ಪತ್ರ ಎಂದೂ ತಿದ್ದುಪಡಿ ಪತ್ರ ಎಂದೂ ಬರೆಯುವುದುಂಟು. ಹೆಸರು ಯಾವುದಾದರೂ ಆಗಬಹುದು. ಆದರೆ ಉಯಿಲಿಗೆ ಬೇಕಾದ ಸಹಿ ಮತ್ತು ಸಾಕ್ಷಿಗಳೆಲ್ಲವೂ ಇದಕ್ಕೂ ಬೇಕು. ಚಿಕ್ಕ ತಿದ್ದುಪಡಿಯೆಂದು ಇಲ್ಲಿ ಯಾವ ರಿಯಾಯಿತಿಯೂ ಇಲ್ಲ.

ಒಂದು ಕಲ್ಪಿತ ಪ್ರಕರಣವನ್ನು ಇಟ್ಟುಕೊಂಡು ನೋಡೋಣ. ಸಾಗರ ತಾಲ್ಲೂಕಿನ ಹಿಂದೂ ಅಡಿಕೆ ಬೆಳೆಗಾರರೊಬ್ಬರು 2019ರ ಮಾರ್ಚ್ 14ರಂದು ತಮ್ಮ ಸ್ವಯಾರ್ಜಿತ ಆಸ್ತಿಯ ಬಗ್ಗೆ ಉಯಿಲು ಬರೆದು ನೋಂದಾಯಿಸಿದ್ದಾರೆ. ಅದರ 3ನೇ ಪ್ಯಾರಾದಲ್ಲಿ ತೋಟ ಮಗನಿಗೆ, 5ನೇ ಪ್ಯಾರಾದಲ್ಲಿ ಕಿರಿಯ ಮಗಳಿಗೆ 5 ಲಕ್ಷ ರೂಪಾಯಿ, 7ನೇ ಪ್ಯಾರಾದಲ್ಲಿ ಉಳಿದದ್ದೆಲ್ಲ ಹೆಂಡತಿಗೆ. ಮೂರು ವರ್ಷಗಳ ನಂತರ ಆ ಮಗಳು ಶಿವಮೊಗ್ಗದಲ್ಲಿ ನಿವೇಶನ ಕೊಂಡಾಗ ತಂದೆ 2 ಲಕ್ಷ ಕೊಟ್ಟರು. ಈಗ ಅವರ ಇಚ್ಛೆ, ಉಯಿಲಿನಿಂದ ಅವಳಿಗೆ 3 ಲಕ್ಷ ಮಾತ್ರ ಹೋಗಲಿ ಎಂಬುದು. ಬದುಕಿದ್ದಾಗ ಕೊಟ್ಟ ಹಣ ತಾನಾಗಿಯೇ ಉಯಿಲಿನ ಮೊತ್ತವನ್ನು ತಗ್ಗಿಸುವುದಿಲ್ಲವಾದ್ದರಿಂದ, ಅವರು ಏನನ್ನಾದರೂ ಬರೆಯಲೇಬೇಕು.

ಮನೆಯಲ್ಲಿ ಮೊದಲು ಹೊಳೆಯುವ ಉಪಾಯವೆಂದರೆ ಮೂಲ ಉಯಿಲಿನಲ್ಲಿ 5ನ್ನು ಹೊಡೆದುಹಾಕಿ 3 ಎಂದು ಬರೆದು ಪಕ್ಕದಲ್ಲಿ ಸಹಿ ಮಾಡುವುದು. 71ನೇ ಕಲಂ ಇದಕ್ಕೆ ಅಡ್ಡ ಬರುತ್ತದೆ: ಉಯಿಲು ಬರೆದಾದ ಮೇಲೆ ಮಾಡಿದ ತಿದ್ದು, ಸಾಲುಗಳ ನಡುವಿನ ಸೇರ್ಪಡೆ ಅಥವಾ ಅಳಿಸುವಿಕೆ, ಉಯಿಲಿನಂತೆಯೇ ಸಹಿ ಮತ್ತು ಸಾಕ್ಷಿಗಳೊಡನೆ ಆಗದಿದ್ದರೆ ಊರ್ಜಿತವಲ್ಲ. ತಿದ್ದಿನ ಹತ್ತಿರದ ಅಂಚಿನಲ್ಲಿ ಬರೆದವರ ಮತ್ತು ಇಬ್ಬರು ಸಾಕ್ಷಿಗಳ ಸಹಿಗಳಿದ್ದರೆ ಅದು ನಡೆಯುತ್ತದೆ ಎಂಬುದು ನಿಜ. ಆದರೆ ನೋಂದಾಯಿತ ಉಯಿಲಿನ ಪ್ರತಿ ಉಪ ನೋಂದಣಾಧಿಕಾರಿ ಕಚೇರಿಯಲ್ಲಿ 5 ಎಂದೇ ಉಳಿದಿರುವಾಗ ಮನೆಯ ಪ್ರತಿಯಲ್ಲಿ 3 ಎಂದಿದ್ದರೆ, ಯಾರು ಯಾವಾಗ ತಿದ್ದಿದರು ಎಂಬ ಪ್ರಶ್ನೆ ಏಳದೇ ಇರುವುದಿಲ್ಲ. ಬೇರೆ ಹಾಳೆಯಲ್ಲಿ ಕೋಡಿಸಿಲ್ ಬರೆಯುವುದೇ ಲೇಸು.

ಬರಹದಲ್ಲಿ ಎರಡು ಗುಂಡಿಗಳಿವೆ. ನನ್ನ ಮಟ್ಟಿಗೆ ಇಡೀ ವಿಷಯದಲ್ಲಿ ಇವೇ ಹೆಚ್ಚು ಅಪಾಯಕಾರಿ, ಏಕೆಂದರೆ ಸಹಿ, ಸಾಕ್ಷಿ ಎಲ್ಲ ಸರಿಯಿದ್ದರೂ ಇವು ಫಲಿತಾಂಶವನ್ನು ತಲೆಕೆಳಗು ಮಾಡುತ್ತವೆ. ಮೊದಲನೆಯದು 101ನೇ ಕಲಮಿನದು. ಒಬ್ಬರೇ ವ್ಯಕ್ತಿಗೆ ಉಯಿಲಿನಲ್ಲಿ ಒಂದು ಮೊತ್ತ, ಕೋಡಿಸಿಲಿನಲ್ಲಿ ಇನ್ನೊಂದು ಮೊತ್ತ ಬರೆದಿದ್ದು, ಎರಡನೆಯದು ಮೊದಲನೆಯದರ ಬದಲಿಗೋ ಅಥವಾ ಅದರ ಜೊತೆಗೋ ಎಂಬುದು ಬರಹದಿಂದ ತಿಳಿಯದಿದ್ದರೆ, ಆ ವ್ಯಕ್ತಿಗೆ ಎರಡೂ ಸಲ್ಲುತ್ತವೆ. ಆದ್ದರಿಂದ ನಮ್ಮ ಬೆಳೆಗಾರರು ಕೋಡಿಸಿಲಿನಲ್ಲಿ ‘ಕಿರಿಯ ಮಗಳಿಗೆ 3 ಲಕ್ಷ ರೂಪಾಯಿ ಕೊಡತಕ್ಕದ್ದು’ ಎಂದಷ್ಟೇ ಬರೆದರೆ, ಕಡಿಮೆ ಮಾಡಲು ಹೋಗಿ 8 ಲಕ್ಷ ಬರೆದಂತಾಗಬಹುದು. ‘ಬದಲಾಗಿ’ ಎಂಬ ಒಂದು ಪದದ ಮೇಲೆ 5 ಲಕ್ಷ ನಿಂತಿದೆ.

ಎರಡನೆಯ ಗುಂಡಿ ಅಚ್ಚಿನ ಮಾದರಿಯದು. ಕಂಪ್ಯೂಟರಿನಲ್ಲಿರುವ ಹಳೆಯ ಉಯಿಲಿನ ನಮೂನೆಯನ್ನೇ ತೆಗೆದು ಕೋಡಿಸಿಲ್ ತಯಾರಿಸುವಾಗ, ‘ಈ ಹಿಂದೆ ಬರೆದ ಎಲ್ಲ ಉಯಿಲುಗಳನ್ನು ರದ್ದುಪಡಿಸಿರುತ್ತೇನೆ’ ಎಂಬ ಸಾಲು ಹಾಗೇ ಉಳಿದುಬಿಡುತ್ತದೆ. 70ನೇ ಕಲಂ ಪ್ರಕಾರ ಕೋಡಿಸಿಲಿನಿಂದಲೂ ಉಯಿಲನ್ನು ರದ್ದುಪಡಿಸಬಹುದು. ಆಗ ಮಗನ ತೋಟವೂ ಹೆಂಡತಿಯ ಶೇಷಾಂಶವೂ ಹಿಂದೂ ಉತ್ತರಾಧಿಕಾರ ಅಧಿನಿಯಮದ ಪಾಲಿಗೆ ಬಿದ್ದು ವಾರಸುದಾರರಲ್ಲಿ ಹಂಚಿಹೋಗುತ್ತವೆ ಎಂದು ವಾದಿಸುವವರಿಗೆ ದಾರಿ ಮಾಡಿಕೊಟ್ಟಂತೆ. ಆದ್ದರಿಂದ ಮುಖ್ಯ ಭಾಗವನ್ನು ಹೀಗೆ ಬರೆಯಬಹುದು:

‘ನಾನು ದಿನಾಂಕ 14-03-2019ರಂದು ಬರೆದು, ಸಾಗರ ಉಪ ನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸಿರುವ ಉಯಿಲಿಗೆ ಇದು ನನ್ನ ಮೊದಲನೆಯ ಕೋಡಿಸಿಲ್ ಆಗಿರುತ್ತದೆ. ಸದರಿ ಉಯಿಲಿನ 5ನೇ ಪ್ಯಾರಾದಲ್ಲಿ ನನ್ನ ಕಿರಿಯ ಮಗಳಿಗೆ ಬರೆದಿರುವ 5,00,000 ರೂಪಾಯಿಗಳನ್ನು ರದ್ದುಪಡಿಸಿ, ಅದರ ಬದಲಾಗಿ, ಅದಕ್ಕೆ ಹೆಚ್ಚುವರಿಯಾಗಿ ಅಲ್ಲದೆ, ಆಕೆಗೆ 3,00,000 (ಮೂರು ಲಕ್ಷ) ರೂಪಾಯಿಗಳು ಮಾತ್ರ ಸಲ್ಲತಕ್ಕದ್ದು. ಈ ಬದಲಾವಣೆಯ ಹೊರತು ಸದರಿ ಉಯಿಲಿನ ಉಳಿದ ಎಲ್ಲ ಪ್ಯಾರಾಗಳನ್ನು ನಾನು ದೃಢಪಡಿಸಿರುತ್ತೇನೆ.’

ಇದರಲ್ಲಿ ನೋಂದಣಿ ಸಂಖ್ಯೆ, ಪುಸ್ತಕದ ಸಂಖ್ಯೆ ಇತ್ಯಾದಿಗಳನ್ನು ಉಯಿಲಿನ ಮೇಲಿನ ಷರಾದಿಂದ ನೋಡಿಯೇ ಬರೆಯಬೇಕು, ನೆನಪಿನಿಂದ ಅಲ್ಲ. ಕಡಿಮೆ ಮಾಡಿದ ಕಾರಣವನ್ನು ಬರೆಯಲೇಬೇಕೆಂಬ ನಿಯಮವಿಲ್ಲ. ಆದರೂ ‘2022ರಲ್ಲಿ ನಿವೇಶನ ಖರೀದಿಗಾಗಿ 2 ಲಕ್ಷ ಕೊಟ್ಟಿರುವುದರಿಂದ’ ಎಂಬ ಅರ್ಧ ಸಾಲು ಇದ್ದರೆ, ಅಪ್ಪನಿಗೆ ಬುದ್ಧಿ ಸ್ಥಿಮಿತವಿರಲಿಲ್ಲ ಅಥವಾ ಅಣ್ಣ ಒತ್ತಾಯಿಸಿ ಬರೆಸಿದ ಎಂಬ ಮಾತಿಗೆ ಅದೇ ಉತ್ತರವಾಗುತ್ತದೆ.

ಇನ್ನು ಸಾಕ್ಷಿಯ ವಿಚಾರ. 63ನೇ ಕಲಂ ಕೇಳುವುದು ಇಷ್ಟು: ಬರೆದವರು ಸಹಿ ಅಥವಾ ಹೆಬ್ಬೆಟ್ಟು ಹಾಕಬೇಕು, ಇಲ್ಲವೇ ಅವರ ಎದುರಿನಲ್ಲಿ ಅವರ ಸೂಚನೆಯಂತೆ ಬೇರೊಬ್ಬರು ಹಾಕಬೇಕು. ಈ ಪತ್ರ ಜಾರಿಗೆ ಬರಲೆಂದೇ ಹಾಕಿದ್ದು ಎಂದು ತೋರುವ ಜಾಗದಲ್ಲಿ ಆ ಸಹಿ ಇರಬೇಕು. ಕನಿಷ್ಠ ಇಬ್ಬರು ಸಾಕ್ಷಿಗಳಲ್ಲಿ ಪ್ರತಿಯೊಬ್ಬರೂ ಆ ಸಹಿಯಾಗುವುದನ್ನು ಕಣ್ಣಾರೆ ನೋಡಿರಬೇಕು, ಅಥವಾ ‘ಇದು ನನ್ನ ಸಹಿ’ ಎಂಬ ಒಪ್ಪಿಗೆಯನ್ನು ಬರೆದವರ ಬಾಯಿಂದಲೇ ಪಡೆದಿರಬೇಕು. ಕೊನೆಗೆ, ಪ್ರತಿ ಸಾಕ್ಷಿಯೂ ಬರೆದವರ ಎದುರಿನಲ್ಲೇ ತನ್ನ ಸಹಿ ಹಾಕಬೇಕು. ಇಬ್ಬರು ಸಾಕ್ಷಿಗಳೂ ಏಕಕಾಲದಲ್ಲಿ ಇರಲೇಬೇಕೆಂದು ಕಾನೂನು ಹೇಳುವುದಿಲ್ಲ.

ಈ ಕೊನೆಯ ಸಡಿಲಿಕೆಯೇ ಮಳೆಗಾಲದ ಮಲೆನಾಡಿನಲ್ಲಿ ಎಡವುವ ಜಾಗ. ಒಬ್ಬ ಸಾಕ್ಷಿ ಬೆಳಿಗ್ಗೆ ಬಂದು ಸಹಿ ಮಾಡಿ ಹೋದರು. ಇನ್ನೊಬ್ಬರು ಹೊಳೆ ದಾಟಿ ಬರಲಾಗದೆ ಸಂಜೆ ಬಂದರು ಎಂದುಕೊಳ್ಳಿ. ಯಜಮಾನರು ಅವರಿಗೆ ತಮ್ಮ ಸಹಿ ತೋರಿಸಿ ಒಪ್ಪಿಕೊಂಡು, ಅವರು ಎದುರಲ್ಲೇ ಸಹಿ ಹಾಕಿದರೆ ಪತ್ರ ಊರ್ಜಿತ. ಅದರ ಬದಲು ಮಗ ಆ ಪತ್ರವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ಸಾಕ್ಷಿಯ ಮನೆಗೇ ಒಯ್ದು, ಅಲ್ಲಿಯ ಜಗಲಿಯ ಮೇಲೆ ಸಹಿ ಹಾಕಿಸಿಕೊಂಡು ಬಂದರೆ ಆ ಸಾಕ್ಷಿ ಲೆಕ್ಕಕ್ಕಿಲ್ಲ. ಎರಡೂ ಪತ್ರಗಳು ನೋಡಲು ಒಂದೇ ರೀತಿ ಇರುತ್ತವೆ. ವ್ಯತ್ಯಾಸ ಹೊರಬೀಳುವುದು ವರ್ಷಗಳ ನಂತರ, ಪಾಟೀಸವಾಲಿನಲ್ಲಿ. ಹಾಗಾಗಿ ಮೂವರೂ ಒಂದೇ ಕೋಣೆಯಲ್ಲಿ, ಒಂದೇ ಹೊತ್ತಿನಲ್ಲಿ, ಒಂದೇ ಪೆನ್ನಿನಿಂದ ಸಹಿ ಮಾಡಿ ಮುಗಿಸುವುದನ್ನೇ ಪದ್ಧತಿಯಾಗಿ ಇಟ್ಟುಕೊಳ್ಳಬೇಕು. ಸಾಕ್ಷಿಗಳ ಸಹಿಯ ಮೇಲೆ ಈ ವಾಕ್ಯ ಇರಲಿ: ‘ಮೇಲ್ಕಂಡವರು ನಮ್ಮಿಬ್ಬರ ಸಮಕ್ಷಮದಲ್ಲಿ ಈ ಕೋಡಿಸಿಲಿಗೆ ಸಹಿ ಮಾಡಿದ್ದನ್ನು ನಾವು ನೋಡಿರುತ್ತೇವೆ, ಅವರ ಸಮಕ್ಷಮದಲ್ಲಿ ನಾವಿಬ್ಬರೂ ಸಾಕ್ಷಿಗಳಾಗಿ ಸಹಿ ಮಾಡಿರುತ್ತೇವೆ.’ ಕಾನೂನು ಯಾವುದೇ ನಿರ್ದಿಷ್ಟ ನಮೂನೆಯನ್ನು ಕೇಳುವುದಿಲ್ಲ. ಆದರೆ ಸಾಕ್ಷಿಯ ನೆನಪು ಮಸುಕಾದ ದಿನ ಈ ವಾಕ್ಯ ಅವರಿಗೆ ಆಧಾರವಾಗುತ್ತದೆ.

ಸಾಕ್ಷಿಯ ನೆನಪು ಅಷ್ಟು ಮುಖ್ಯವಾಗುವುದಕ್ಕೆ ಕಾರಣವಿದೆ. ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ 67ನೇ ಕಲಂ, ಅಂದರೆ ಹಳೆಯ ಸಾಕ್ಷ್ಯ ಕಾಯ್ದೆಯ 68ನೇ ಕಲಂ, ಸಾಕ್ಷಿಗಳಲ್ಲಿ ಒಬ್ಬರಾದರೂ ಬದುಕಿದ್ದು ಕರೆಸಲು ಸಿಗುವಂತಿದ್ದರೆ ಅವರನ್ನು ನ್ಯಾಯಾಲಯದಲ್ಲಿ ವಿಚಾರಿಸದೆ ಉಯಿಲನ್ನು ಪುರಾವೆಯಾಗಿ ಬಳಸುವಂತಿಲ್ಲ ಎನ್ನುತ್ತದೆ. ನೋಂದಣಿಯಾಗಿದ್ದರೂ ಉಯಿಲಿಗೆ ಇದರಿಂದ ವಿನಾಯಿತಿ ಇಲ್ಲ. ಜಾನಕಿ ನಾರಾಯಣ ಭೋಯಿರ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಒಂದು ಹೆಜ್ಜೆ ಮುಂದೆ ಹೋಗಿ, ಕರೆಸಿದ ಆ ಒಬ್ಬ ಸಾಕ್ಷಿ ತನ್ನ ಸಹಿಯ ಬಗ್ಗೆ ಮಾತ್ರವಲ್ಲ, ಇನ್ನೊಬ್ಬ ಸಾಕ್ಷಿಯ ಸಹಿಯೂ ನಿಯಮದಂತೆ ಆಗಿದೆಯೆಂದು ಹೇಳಬಲ್ಲವನಾಗಿರಬೇಕು ಎಂದಿತು. ಬೆಳಿಗ್ಗೆ ಬಂದು ಹೋದ ಸಾಕ್ಷಿಗೆ ಸಂಜೆಯದು ಹೇಗೆ ಗೊತ್ತಿರಬೇಕು? ಇಬ್ಬರೂ ಒಟ್ಟಿಗೆ ಇರಲಿ ಎನ್ನುವುದರ ಹಿಂದಿನ ತರ್ಕ ಇದೇ.

ಯಾರನ್ನು ಸಾಕ್ಷಿಯಾಗಿ ಆರಿಸಬೇಕು? ಬರೆದವರಿಗಿಂತ ಕಿರಿಯರು, ಊರು ಬಿಟ್ಟು ಹೋಗುವ ಸಂಭವ ಕಡಿಮೆಯಿರುವವರು, ಉಯಿಲಿನಿಂದ ಏನೂ ಪಡೆಯದವರು. ಇಲ್ಲಿ ಹಲವರು ಸಾಮಾನ್ಯವಾಗಿ ಗೊಂದಲ ಮಾಡಿಕೊಳ್ಳುವ ಅಂಶವೊಂದಿದೆ. ಸಾಕ್ಷಿಗೆ ಅಥವಾ ಸಾಕ್ಷಿಯ ಗಂಡ ಇಲ್ಲವೇ ಹೆಂಡತಿಗೆ ಬರೆದ ದತ್ತಿ ನಿರರ್ಥಕ ಎನ್ನುವ, ಭಾರತೀಯ ಉತ್ತರಾಧಿಕಾರ ಅಧಿನಿಯಮದ 67ನೇ ಕಲಂ, 57ನೇ ಕಲಮಿನ ಮೂಲಕ ಹಿಂದೂಗಳಿಗೆ ಅನ್ವಯವಾಗುವ ಮೂರನೇ ಅನುಸೂಚಿಯ ಪಟ್ಟಿಯಲ್ಲಿ ಇಲ್ಲ. ಮಲೆನಾಡಿನ ಕ್ರೈಸ್ತ ಕುಟುಂಬವೊಂದರಲ್ಲಿ ಅಂಥ ದತ್ತಿ ಬಿದ್ದುಹೋಗುತ್ತದೆ; ನಮ್ಮ ಹಿಂದೂ ಬೆಳೆಗಾರರ ಮಗನೇ ಸಾಕ್ಷಿ ಹಾಕಿದರೆ ಆ ಕಾರಣಕ್ಕೇ ಬೀಳುವುದಿಲ್ಲ. (ಮುಸ್ಲಿಮರ ಉಯಿಲಿಗೆ ವೈಯಕ್ತಿಕ ಕಾನೂನು ಬೇರೆಯೇ ಇದೆ, ಈ ಟಿಪ್ಪಣಿ ಅದಕ್ಕೆ ಸಂಬಂಧಿಸಿದ್ದಲ್ಲ.) ಆದರೂ ತಂಗಿಯ ಪಾಲು ತಗ್ಗಿಸುವ ಪತ್ರಕ್ಕೆ ಅಣ್ಣನೇ ಸಾಕ್ಷಿಯಾದರೆ ಅದು ಸಂಶಯಕ್ಕೆ ಎಡೆ ಮಾಡಿಕೊಡುತ್ತದೆ. ಮೈಸೂರು ಭಾಗದಿಂದ ಹೋದ ಎಚ್. ವೆಂಕಟಾಚಲ ಅಯ್ಯಂಗಾರ್ ಪ್ರಕರಣದಲ್ಲಿ, 1959ರಷ್ಟು ಹಿಂದೆಯೇ, ಸಂಶಯಾಸ್ಪದ ಸಂದರ್ಭಗಳಿದ್ದರೆ ಅವನ್ನು ನಿವಾರಿಸುವ ಹೊಣೆ ಉಯಿಲನ್ನು ಮುಂದಿಡುವವರ ಮೇಲಿದೆ ಎಂದು ಸರ್ವೋಚ್ಚ ನ್ಯಾಯಾಲಯ ಹೇಳಿದೆ. ಉಯಿಲಿನಿಂದ ಲಾಭ ಪಡೆಯುವವರೇ ಅದನ್ನು ಬರೆಸುವುದರಲ್ಲಿ ಮುಂದಾಗಿ ಓಡಾಡಿದ್ದು ಅಂಥ ಸಂದರ್ಭಗಳಲ್ಲಿ ಒಂದು.

ಬಿಕ್ಕಲಂ ಎಂದು ಕೊನೆಯಲ್ಲಿ ಸಹಿ ಹಾಕುವ ಪತ್ರ ಬರಹಗಾರರನ್ನು ಎರಡನೆಯ ಸಾಕ್ಷಿಯೆಂದು ಎಣಿಸಿ ಸುಮ್ಮನಾಗಬಾರದು. ಸಾಕ್ಷಿಯಾಗುವ ಉದ್ದೇಶದಿಂದ ಹಾಕಿದ ಸಹಿ ಮಾತ್ರ ಸಾಕ್ಷಿಯ ಸಹಿ. ಬರೆದವನು ತಾನೆಂದು ತಿಳಿಸಲು ಹಾಕಿದ್ದು ಬೇರೆ. ಉಪ ನೋಂದಣಾಧಿಕಾರಿಯ ಎದುರು ಗುರುತಿಸುವವರಾಗಿ ಸಹಿ ಮಾಡಿದವರದೂ ಇದೇ ಸ್ಥಿತಿ.

ನೋಂದಣಿ ಕಡ್ಡಾಯವಲ್ಲ, ಛಾಪಾ ಕಾಗದವೂ ಬೇಕಿಲ್ಲ; ನೋಂದಾಯಿತ ಉಯಿಲನ್ನು ನೋಂದಾಯಿಸದ ಕೋಡಿಸಿಲಿನಿಂದ ಬದಲಿಸುವುದೂ ಕಾನೂನುಬದ್ಧವೇ. ಆದರೂ ಮೂಲ ಉಯಿಲು ನೋಂದಣಿಯಾಗಿರುವಲ್ಲಿ ಕೋಡಿಸಿಲನ್ನೂ ನೋಂದಾಯಿಸುವುದು ನನಗೆ ಸರಿ ಕಾಣುತ್ತದೆ, ಏಕೆಂದರೆ ನಕಲು ತೆಗೆಸುವವರಿಗೆ ಎರಡೂ ಸಿಗುತ್ತವೆ. ವಯಸ್ಸಾದವರಾದರೆ ಅಂದೇ ವೈದ್ಯರ ಪ್ರಮಾಣಪತ್ರ ಪಡೆಯುವ ರೂಢಿಯಿದೆ. ಆ ವೈದ್ಯರೇ ಎದುರಿಗಿದ್ದು ಸಾಕ್ಷಿ ಹಾಕಿದರೆ ಬೇರೆ ಕಾಗದಕ್ಕಿಂತ ಅದು ಹೆಚ್ಚು ಬಲವಾದದ್ದು. ಹೆಬ್ಬೆಟ್ಟು ಹಾಕುವವರಿಗೆ ಓದಿ ಹೇಳಿದ್ದನ್ನೂ ಅವರು ಒಪ್ಪಿದ್ದನ್ನೂ ಪತ್ರದಲ್ಲೇ ನಮೂದಿಸಬೇಕು.

ಸಹಿಯಾದ ಮೇಲೆ ಕೋಡಿಸಿಲನ್ನು ಉಯಿಲಿನ ಜೊತೆ ಒಂದೇ ಲಕೋಟೆಯಲ್ಲಿ ಇಡಬಹುದು, ಆದರೆ ಅದಕ್ಕಾಗಿ ಉಯಿಲಿನ ಹಳೆಯ ಪಿನ್ನನ್ನು ಬಿಚ್ಚಿ ಮತ್ತೆ ಹಾಕಬಾರದು. ಹಾಳೆಗಳ ಮೂಲೆಯಲ್ಲಿ ಎರಡು ಜೊತೆ ತೂತುಗಳಿದ್ದರೆ, ನಡುವಿನ ಹಾಳೆ ಬದಲಾಗಿದೆಯೇ ಎಂದು ಎದುರು ಪಕ್ಷದ ವಕೀಲರು ಕೇಳುವ ಮೊದಲ ಪ್ರಶ್ನೆಗೆ ಉತ್ತರಿಸಲು ಉಯಿಲು ಬರೆದವರು ಆಗ ಇರುವುದಿಲ್ಲ.