ಶನಿವಾರ ರಾತ್ರಿ ಗಲಾಟೆಗೆ ಸೋಮವಾರ ಚಾರ್ಜ್‌ಶೀಟ್ ಕೊಡಬಹುದಾ?

ಪೀಣ್ಯದ ಒಂದು ಫ್ಯಾಕ್ಟರಿಯ ಇಬ್ಬರು ಶನಿವಾರ ರಾತ್ರಿ ದಾಸರಹಳ್ಳಿ ಬಾರ್ ಮುಂದೆ ಕೈಕೈ ಮಿಲಾಯಿಸಿದ್ರು ಅಂತಿಟ್ಕೊಳಿ. ಶಿಫ್ಟ್ ಮುಗಿದು ನಾಲ್ಕು ಗಂಟೆ ಆಗಿದೆ, ಫ್ಯಾಕ್ಟರಿ ಗೇಟ್ ಅಲ್ಲೆಲ್ಲೋ ದೂರ, ಯೂನಿಫಾರ್ಮ್ ಕೂಡ ಹಾಕಿಲ್ಲ. ಆದ್ರೂ ಸೋಮವಾರ ಎಚ್‌ಆರ್ ಕರೆದು ದುರ್ನಡತೆ ಆರೋಪದ ಪತ್ರ, ಅಂದ್ರೆ ಚಾರ್ಜ್‌ಶೀಟ್, ಕೈಗಿಟ್ರೆ?

ಈ ಪ್ರಶ್ನೆ ಹಳೇದು. 1964ರಲ್ಲಿ ಟಾಟಾ ಆಯಿಲ್ ಮಿಲ್ಸ್ ಕೇಸ್ ಸುಪ್ರೀಂ ಕೋರ್ಟ್‌ಗೆ ಬಂತು. ಎರ್ನಾಕುಳಂ ಫ್ಯಾಕ್ಟರಿಯ ಕಾರ್ಮಿಕರು ಮನೆಗೆ ಹೋಗ್ತಿದ್ದ ಚಾರ್ಜ್‌ಮನ್ ಅನ್ನೋ ಮೇಲ್ವಿಚಾರಕರೊಬ್ಬರನ್ನ ಹೊರಗಡೆ ಹೊಡೆದಿದ್ರು ಅನ್ನೋದು ಆರೋಪ. ಯಾವುದು ದುರ್ನಡತೆ ಅಂತ ಪಟ್ಟಿ ಮಾಡೋ ಕಂಪನಿಯ ಕೆಲಸದ ನಿಯಮಾವಳಿ, ಅಂದ್ರೆ ಸ್ಟ್ಯಾಂಡಿಂಗ್ ಆರ್ಡರ್‌ನಲ್ಲಿ, ಫ್ಯಾಕ್ಟರಿ 'ಒಳಗೆ ಅಥವಾ ಹೊರಗೆ' ಮಾಡಿದ ಹೊಡೆದಾಟ ಅಂತಾನೇ ಬರೆದಿತ್ತು. ಹಾಗಂತ ಊರಲ್ಲಿ ಎಲ್ಲಿ ಜಗಳ ಆಡಿದ್ರೂ ಶಿಕ್ಷೆ ಅಂತ ಅರ್ಥ ಮಾಡ್ಕೋಬೇಡಿ, ಶುದ್ಧ ಖಾಸಗಿ ಜಗಳ ಇದರಲ್ಲಿ ಬರಲ್ಲ, ಕೆಲಸಕ್ಕೂ ಏಟಿಗೂ ಸಂಬಂಧ ಇರಬೇಕು ಅಂತು ಕೋರ್ಟ್. ಅಲ್ಲಿ ಆ ಸಂಬಂಧ ಇತ್ತು: ಚಾರ್ಜ್‌ಮನ್ ಇನ್ಸೆಂಟಿವ್ ಬೋನಸ್ ಸ್ಕೀಮ್ ಪರ, ಹೊಡೆದವರು ಅದರ ವಿರುದ್ಧ. ಹಂಗಾಗಿ ಕಂಪನಿ ಗೆಲ್ತು.

1983ರಲ್ಲಿ ಗ್ಲಾಕ್ಸೋ ಕೇಸ್. ಇಲ್ಲಿ ಸ್ಟ್ಯಾಂಡಿಂಗ್ ಆರ್ಡರ್‌ನಲ್ಲಿ ಇದ್ದಿದ್ದು 'ಆವರಣದಲ್ಲಿ ಅಥವಾ ಅದರ ಆಸುಪಾಸಿನಲ್ಲಿ' ಅಂತ. ಆಸುಪಾಸು ಅಂದ್ರೆ ಎಲ್ಲಿವರೆಗೆ? ಕಂಪನಿ ರಬ್ಬರ್ ಥರ ಎಳೆಯೋಕೆ ನೋಡ್ತು, ಕೋರ್ಟ್ ಒಪ್ಪಲಿಲ್ಲ. ಊರಿನ ಕಾನೂನು ಸುವ್ಯವಸ್ಥೆ ಕಾಯೋದು ಮಾಲೀಕನ ಕೆಲಸ ಅಲ್ಲ, ಅವನು ಕಾರ್ಮಿಕರಿಗೆ ಗುರುವೂ ಅಲ್ಲ ಅನ್ನೋ ಅರ್ಥದ ಮಾತು ಆ ತೀರ್ಪಲ್ಲಿದೆ. ಜತೆಗೆ ಇನ್ನೊಂದು, ನನ್ನ ಪ್ರಕಾರ ಇದೇ ಜಾಸ್ತಿ ಉಪಯೋಗಕ್ಕೆ ಬರೋದು: ಸ್ಟ್ಯಾಂಡಿಂಗ್ ಆರ್ಡರ್‌ನ ಪಟ್ಟಿಯಲ್ಲಿ ಬರೀದೇ ಇರೋದನ್ನ ಆಮೇಲೆ ದುರ್ನಡತೆ ಅಂತ ಕರೆಯೋ ಹಾಗಿಲ್ಲ.

ಈಗ ದಾಸರಹಳ್ಳಿಗೆ ವಾಪಸ್ ಬನ್ನಿ. ಜಗಳ ಚೀಟಿ ದುಡ್ಡಿಗೋ ಬಾಡಿಗೆ ಅಡ್ವಾನ್ಸಿಗೋ ಆಗಿದ್ರೆ ಪೊಲೀಸ್ ಸ್ಟೇಷನ್ ಉಂಟು, ಎಚ್‌ಆರ್‌ಗೆ ಕೆಲಸ ಇಲ್ಲ. ಆದ್ರೆ ಏಟು ತಿಂದವನು ಸೂಪರ್‌ವೈಸರ್ ಆಗಿದ್ದು, ಶುಕ್ರವಾರ ಲೇಟ್ ಮಾರ್ಕ್ ಹಾಕಿದ್ದಕ್ಕೆ ಅಂತಾನೇ ಹೊಡೆದಿದ್ರೆ ಕಥೆನೇ ಬೇರೆ, ಆಗ ಬಾರ್ ಎಷ್ಟು ದೂರ ಅನ್ನೋದು ಅಷ್ಟು ಮುಖ್ಯ ಆಗಲ್ಲ. ಅದಕ್ಕೂ ಸ್ಟ್ಯಾಂಡಿಂಗ್ ಆರ್ಡರ್‌ನ ಮಾತು ಹೊರಗಿನ ಘಟನೆಗೆ ತಾಗೋ ಹಾಗಿರಬೇಕು, ವಿಚಾರಣೇಲಿ ಆ ಲೇಟ್ ಮಾರ್ಕಿನ ಕಾರಣಾನ ಸಾಕ್ಷಿ ಕರೆಸಿ ತೋರಿಸಬೇಕು. ಸುಮಾರು ಕಂಪನಿ ಎಡವೋದು ಇಲ್ಲೇ, 'ಕಂಪನಿ ಹೆಸರು ಹಾಳಾಯ್ತು' ಅಂತ ಒಂದು ಸಾಲು ಬರೆದು ಬಿಟ್ಟುಬಿಡ್ತಾರೆ.

ಸರ್ಕಾರಿ ನೌಕರರಿಗೆ ಈ ಲೆಕ್ಕ ನಡೆಯಲ್ಲ, ಅವರ ನಡತೆ ನಿಯಮ ಡ್ಯೂಟಿ ಮುಗಿದ ಮೇಲೂ ಹಿಂದೇನೇ ಬರುತ್ತೆ. ಲೈಂಗಿಕ ಕಿರುಕುಳದ ವಿಷಯಾನೂ ಬೇರೆ: 2013ರ ಕಾಯ್ದೆ ಪ್ರಕಾರ ಕಂಪನಿ ಕ್ಯಾಬ್ ಕೂಡ ಕೆಲಸದ ಜಾಗಾನೇ, ರಾತ್ರಿ ಔಟರ್ ರಿಂಗ್ ರೋಡಲ್ಲಿ ಸಿಕ್ಕಾಕೊಂಡಿದ್ರೂ ಅಷ್ಟೇ.