ಆಟಿಕೆ ಲಾರಿ, ಓರೆ ಹಲಗೆ ಮತ್ತು 12 ಗ್ರಾಂ ಲೆಕ್ಕ

ಒಂಬತ್ತನೇ ತರಗತಿಯ ಚಲನೆಯ ನಿಯಮಗಳಿಗೆ ಪ್ರಯೋಗ ಅಂದರೆ ಹೆಚ್ಚಿನ ಕಡೆ ಒಂದೇ. ಲೋಟದ ಮೇಲೆ ರಟ್ಟು, ರಟ್ಟಿನ ಮೇಲೆ ನಾಣ್ಯ, ಬೆರಳಿನಿಂದ ಒಂದು ಚಿಮ್ಮು. ನಾಣ್ಯ ಲೋಟದೊಳಗೆ ಟಣ್ ಅಂತ ಬೀಳುತ್ತದೆ, ಜಡತ್ವ ಮುಗಿಯಿತು. ಆಮೇಲೆ F = ma ಬೋರ್ಡಿಗೆ ಬರುತ್ತದೆ, ನಾಲ್ಕು ಲೆಕ್ಕ ಮಾಡಿಸುತ್ತೇವೆ, ಮುಂದಿನ ಪಾಠಕ್ಕೆ ಹೋಗುತ್ತೇವೆ. ಎರಡನೇ ನಿಯಮವನ್ನು ಅಳೆದು ತೋರಿಸುವವರು ಕಡಿಮೆ. ಕಾರಣ ಸೋಮಾರಿತನ ಅಲ್ಲ, ಅಳೆದರೆ ಸರಿಯಾಗಿ ಬರುವುದಿಲ್ಲ. ಬಲ ಎರಡು ಪಟ್ಟು ಮಾಡಿದರೆ ವೇಗೋತ್ಕರ್ಷ ಎರಡು ಪಟ್ಟಾಗದೆ ಇನ್ನೇನೋ ಆಗುತ್ತದೆ. ಮಕ್ಕಳ ಮುಂದೆ ಪೇಚಾಟ ಯಾಕೆ ಅಂತ ಸುಮ್ನೆ ಬಿಟ್ಟುಬಿಡುತ್ತೇವೆ.

ನಾನು ಹೇಳುವುದು ಏನಪ್ಪಾ ಅಂದರೆ, ಆ ಸರಿಯಾಗದ ಉತ್ತರವನ್ನೇ ಮೊದಲು ಬರಿಸಿ. ಅದರೊಳಗೆ ಮೊದಲ ನಿಯಮವೂ ಇದೆ, ಎರಡನೆಯದೂ ಇದೆ.

ಸಾಮಾನು ಜಾಸ್ತಿ ಬೇಡ. ಸುಮಾರು 120 ಸೆಂ.ಮೀ. ಉದ್ದದ ನಯವಾದ ಹಲಗೆ, ಪ್ಲೈವುಡ್ ಪಟ್ಟಿ ಆದರೂ ಸರಿ. ಸರಕು ತುಂಬಬಹುದಾದ ಒಂದು ಆಟಿಕೆ ಲಾರಿ. ಹಿಂದಕ್ಕೆ ಎಳೆದು ಬಿಟ್ಟರೆ ಓಡುವ ಕಾರು, ಕೀಲಿ ಕೊಡುವ ಕಾರು ಬೇಡವೇ ಬೇಡ, ಅವುಗಳ ಒಳಗಿನ ಹಲ್ಲುಚಕ್ರಗಳು ಗಾಡಿಯನ್ನು ಹಿಡಿಯುತ್ತವೆ. ಅಂಗಡಿಯಲ್ಲೇ ಕೈಯಲ್ಲಿ ಹಿಡಿದು ಚಕ್ರ ತಿರುಗಿಸಿ ನೋಡಿ, ಕರ್ ಕರ್ ಅಂತ ಸದ್ದು ಬಂದರೆ ವಾಪಸ್ ಇಡಿ. ಹೊಲಿಗೆ ದಾರ ಬೇಕು. ಹಲಗೆಯ ತುದಿಯಲ್ಲಿ ಮೊಳೆಗೆ ಸಿಕ್ಕಿಸಿದ, ಸಲೀಸಾಗಿ ತಿರುಗುವ ಖಾಲಿ ದಾರದ ಉರುಳೆ ರಾಟೆಯ ಕೆಲಸ ಮಾಡುತ್ತದೆ. ತೂಕಕ್ಕೆ ಹಾರ್ಡ್‌ವೇರ್ ಅಂಗಡಿಯ ವಾಷರ್. ನಾಣ್ಯ ಬಳಸಬೇಡಿ, ಒಂದೇ ಒಂದು ರೂಪಾಯಿಯಲ್ಲೂ 2011ರ ಸರಣಿಯದು 3.79 ಗ್ರಾಂ, 2019ರದು 3.09 ಗ್ರಾಂ. ವಾಷರ್ ಆದರೆ ಎಲ್ಲವೂ ಹೆಚ್ಚುಕಮ್ಮಿ ಒಂದೇ. ಹತ್ತನ್ನು ಒಟ್ಟಿಗೆ ತೂಗಿಸಿ ಹತ್ತರಿಂದ ಭಾಗಿಸಿ. ಒಂದು ವಾಷರ್ 5 ಗ್ರಾಂ ಅಂತ ಇಟ್ಟುಕೊಂಡು ಮುಂದಿನ ಲೆಕ್ಕ ಹೇಳುತ್ತೇನೆ. ತೂಗುಹಾಕಲು ಪೇಪರ್ ಕಪ್ ಬೇಡ, ಅದರದ್ದೇ ಒಂದು ತೂಕ ಇರುತ್ತದೆ. ತೆಳು ತಂತಿಯ ಕೊಕ್ಕೆ ಮಾಡಿ ವಾಷರ್ ಪೋಣಿಸಿ, ಅದಕ್ಕೇ ಅಲ್ವಾ ಅದರಲ್ಲಿ ತೂತು ಇರುವುದು.

ಲಾರಿ, ಅದರೊಳಗಿನ ವಾಷರ್, ತೂಗುವ ವಾಷರ್ ಎಲ್ಲ ಸೇರಿ ಒಟ್ಟು 400 ಗ್ರಾಂ ಆಗುವಂತೆ ಹೊಂದಿಸಿ. ಇಲ್ಲಿ ಒಂದು ಸೂಕ್ಷ್ಮ ಇದೆ. ತೂಗುವ ವಾಷರ್ ಕೂಡ ಲಾರಿಯ ಜೊತೆಗೇ ಓಡುತ್ತದೆ, ಹಾಗಾಗಿ ಅದರ ರಾಶಿಯೂ ಲೆಕ್ಕಕ್ಕೆ ಸೇರಬೇಕು. ಎಳೆಯುವ ತೂಕ ಹೆಚ್ಚಿಸಬೇಕಾದಾಗ ಹೊಸ ವಾಷರ್ ತರಬೇಡಿ, ಲಾರಿಯೊಳಗಿಂದ ಒಂದನ್ನು ತೆಗೆದು ಕೊಕ್ಕೆಗೆ ಹಾಕಿ. ಆಗ ಬಲ ಬದಲಾಗುತ್ತದೆ, ಒಟ್ಟು ರಾಶಿ 400ರಲ್ಲೇ ಇರುತ್ತದೆ.

ಮೊದಲ ಸುತ್ತು ಮಟ್ಟವಾದ ಹಲಗೆಯ ಮೇಲೆ. ಮೇಜಿನ ಎತ್ತರ ಸಾಮಾನ್ಯವಾಗಿ 75 ಸೆಂ.ಮೀ. ಆಸುಪಾಸು ಇರುವುದರಿಂದ ಓಟ 60 ಸೆಂ.ಮೀ. ಇರಲಿ, ಇಲ್ಲದಿದ್ದರೆ ಲಾರಿ ಗೆರೆ ಮುಟ್ಟುವ ಮೊದಲೇ ವಾಷರ್ ನೆಲ ಮುಟ್ಟುತ್ತದೆ. ಲಾರಿಯ ಮುಂದೆ ಸ್ಕೇಲ್ ಅಡ್ಡ ಹಿಡಿದು, ತಟ್ಟನೆ ಮೇಲೆತ್ತಬೇಕು. ಕೈಯಿಂದ ಹಿಡಿದು ಬಿಟ್ಟರೆ ಮಕ್ಕಳು ಗೊತ್ತಿಲ್ಲದೆಯೇ ಸ್ವಲ್ಪ ನೂಕಿಬಿಡುತ್ತಾರೆ. ಸೊನ್ನೆ ವೇಗದಿಂದ ಹೊರಟರೆ ಮಾತ್ರ a = 2s/t² ಸೂತ್ರ ನಡೆಯುತ್ತದೆ.

ಅಂಕಿಗಳು ಸುಮಾರು ಹೀಗೆ ಬರುತ್ತವೆ. 5 ಗ್ರಾಂ ತೂಗು ಹಾಕಿದರೆ ಲಾರಿ ಕದಲುವುದೇ ಇಲ್ಲ. 10 ಗ್ರಾಂ, ಆಗಲೂ ಇಲ್ಲ. 15 ಗ್ರಾಂಗೆ ಹೊರಟು 4 ಸೆಕೆಂಡು ತೆಗೆದುಕೊಳ್ಳುತ್ತದೆ. 20 ಗ್ರಾಂಗೆ ಎರಡೂವರೆ ಸೆಕೆಂಡು, 25ಕ್ಕೆ ಎರಡು ಸೆಕೆಂಡಿಗಿಂತ ತುಸು ಕಡಿಮೆ. ವೇಗೋತ್ಕರ್ಷ ಕಂಡುಹಿಡಿದರೆ 0.07, 0.19, 0.32. ಮಾನ ಮೀ/ಸೆ². ಬಲ 15ರಿಂದ 20ಕ್ಕೆ ಏರಿದ್ದಕ್ಕೆ ವೇಗೋತ್ಕರ್ಷ ಎರಡೂವರೆ ಪಟ್ಟಿಗಿಂತ ಜಾಸ್ತಿ! “ಸಾರ್, ನ್ಯೂಟನ್ ತಪ್ಪು” ಅಂತ ಒಬ್ಬನಾದರೂ ಹೇಳುತ್ತಾನೆ. ಹೇಳಲಿ ಬಿಡಿ.

ಗ್ರಾಫ್ ಹಾಳೆ ಈಗ ಕೊಡಿ. ಅಡ್ಡಕ್ಕೆ ತೂಗುವ ತೂಕ, ನೆಟ್ಟಗೆ ವೇಗೋತ್ಕರ್ಷ. ಮೂರು ಚುಕ್ಕೆಗಳು ಸುಮಾರಾಗಿ ಒಂದೇ ಗೆರೆಯಲ್ಲಿ ಕೂರುತ್ತವೆ, ಆದರೆ ಆ ಗೆರೆ ಮೂಲಬಿಂದುವಿಗೆ ಹೋಗುವುದಿಲ್ಲ. ಸ್ಕೇಲ್ ಇಟ್ಟು ಕೆಳಕ್ಕೆ ಎಳೆದರೆ ಅಡ್ಡ ಗೆರೆಯನ್ನು 12 ಗ್ರಾಂ ಹತ್ತಿರ ಮುಟ್ಟುತ್ತದೆ. ಅಂದರೆ ಮೊದಲ 12 ಗ್ರಾಂ ಎಳೆತ ಎಲ್ಲೋ ಖರ್ಚಾಗುತ್ತಿದೆ, ಅದರ ಮೇಲಿನದ್ದಷ್ಟೇ ಲಾರಿಯ ವೇಗ ಹೆಚ್ಚಿಸುತ್ತಿದೆ. ಎಲ್ಲಿ ಖರ್ಚಾಗುತ್ತಿದೆ ಅಂತ ಕೇಳಿದರೆ ಘರ್ಷಣೆ ಅಂತ ಮಕ್ಕಳೇ ಹೇಳುತ್ತಾರೆ. ಆದರೆ ಆ ಪದಕ್ಕೆ ಒಂದು ಅಂಕಿ ಅಂಟಿಕೊಂಡಿದ್ದನ್ನು ಅವರು ಹಿಂದೆ ನೋಡಿರುವುದಿಲ್ಲ. ನಿಮ್ಮ ಲಾರಿಗೆ 8 ಬರಬಹುದು, 18 ಬರಬಹುದು, ಅಚ್ಚಿಗೆ ಒಂದು ಹನಿ ಎಣ್ಣೆ ಬಿಟ್ಟರೆ ಅದೂ ಬದಲಾಗಬಹುದು.

ಇನ್ನು ಹಲಗೆ ಓರೆ ಮಾಡುವುದು. ರಾಟೆಯ ಎದುರಿನ ತುದಿಯ ಕೆಳಗೆ ನೋಟ್‌ಬುಕ್ ಒಂದೊಂದಾಗಿ ಇಡುತ್ತಾ ಹೋಗಿ. ದಾರ ಬಿಚ್ಚಿಡಿ. ಪ್ರತಿ ಸಲವೂ ಲಾರಿಯನ್ನು ಬೆರಳಿನಿಂದ ಮೆಲ್ಲಗೆ ನೂಕಿ ಬಿಡಬೇಕು. ನಿಧಾನವಾಗಿ ನಿಂತರೆ ಎತ್ತರ ಸಾಲದು, ಹೋಗ್ತಾ ಹೋಗ್ತಾ ಜೋರಾದರೆ ಹೆಚ್ಚಾಯಿತು. ಮಧ್ಯೆ ಒಂದು ಎತ್ತರ ಸಿಗುತ್ತದೆ, ಅಲ್ಲಿ ನೂಕಿದ ಲಾರಿ ಒಂದೇ ಸಮನೆ ಹೋಗುತ್ತದೆ. ಕಣ್ಣಳತೆ ನಂಬಬೇಡಿ, ಹಲಗೆಯ ಮೇಲೆ 30 ಸೆಂ.ಮೀ.ಗೊಂದು ಸೀಮೆಸುಣ್ಣದ ಗೆರೆ ಹಾಕಿ, ಎರಡು ತುಂಡು ದಾಟಲು ಸಮಯ ಒಂದೇನಾ ನೋಡಿ. ನೂಕದೆಯೇ ಲಾರಿ ತಾನಾಗಿ ಹೊರಟಿತು ಅಂದರೆ ಎತ್ತರ ಜಾಸ್ತಿಯಾಗಿದೆ, ಏಕೆಂದರೆ ನಿಂತ ಗಾಡಿಯನ್ನು ಕದಲಿಸಲು ಬೇಕಾಗುವ ಬಲ ಓಡುವ ಗಾಡಿಯನ್ನು ಓಡಿಸಲು ಬೇಕಾಗುವುದಕ್ಕಿಂತ ಸ್ವಲ್ಪ ಹೆಚ್ಚು.

ಇಲ್ಲೇ ನಿಲ್ಲಿಸಿ ಒಂದು ಪ್ರಶ್ನೆ ಕೇಳಿ. ಒಂದೇ ಸಮನೆ ಹೋಗುತ್ತಿರುವ ಲಾರಿಯ ಮೇಲೆ ಮುಂದಕ್ಕೆ ಬಲ ಉಳಿದಿದೆಯಾ? ಮುಕ್ಕಾಲು ತರಗತಿ ಹೌದು ಅನ್ನುತ್ತದೆ. “ನೂಕಿದ ಬಲ ಅದರೊಳಗೇ ಇದೆ ಸಾರ್, ಅದಕ್ಕೇ ಹೋಗ್ತಿದೆ.” ಚಲನೆಯ ಪಾಠದಲ್ಲಿ ಅತ್ಯಂತ ಗಟ್ಟಿಯಾಗಿ ಬೇರೂರಿದ ತಪ್ಪು ತಿಳಿವಳಿಕೆ ಇದೇ, ನಾಣ್ಯ–ರಟ್ಟಿನ ಪ್ರಯೋಗ ಇದನ್ನು ಮುಟ್ಟುವುದೂ ಇಲ್ಲ. ವಾದ ಮಾಡಬೇಡಿ, ಹಲಗೆಯ ಎತ್ತರ ಅಳೆಸಿ. 120 ಸೆಂ.ಮೀ. ಹಲಗೆಗೆ 3.6 ಸೆಂ.ಮೀ. ಬಂತು ಅನ್ನೋಣ. ಇಷ್ಟು ಕಡಿಮೆ ಓರೆಯಲ್ಲಿ ಇಳಿಜಾರು ಲಾರಿಯನ್ನು ಕೆಳಕ್ಕೆ ಎಳೆಯುವುದು ಅದರ ತೂಕದ 3.6/120 ಪಾಲು. 400 ಗ್ರಾಂನಲ್ಲಿ ಅದು 12 ಗ್ರಾಂ. ಗ್ರಾಫ್ ಕೊಟ್ಟಿದ್ದೂ ಅದೇ 12! ಇಳಿಜಾರು ಮುಂದಕ್ಕೆ 12, ಘರ್ಷಣೆ ಹಿಂದಕ್ಕೆ 12, ಉಳಿದದ್ದು ಸೊನ್ನೆ. ಸೊನ್ನೆ ಉಳಿದರೂ ಲಾರಿ ನಿಲ್ಲಲಿಲ್ಲ. ನಿಜದ ತರಗತಿಯಲ್ಲಿ ಎರಡು ಅಂಕಿ ಇಷ್ಟು ಚೆಂದ ಹೊಂದುವುದಿಲ್ಲ. 11 ಮತ್ತು 13 ಬಂದರೂ ಸಾಕು. 12 ಮತ್ತು 20 ಬಂದರೆ ದಾರ ಹಲಗೆಗೆ ಸಮಾಂತರವಾಗಿದೆಯಾ, ಉರುಳೆ ಮೊಳೆಗೆ ಕಚ್ಚುತ್ತಿದೆಯಾ ನೋಡಿ.

ಈಗ ಹಲಗೆಯನ್ನು ಅದೇ ಓರೆಯಲ್ಲಿಟ್ಟು ಎರಡನೇ ಸುತ್ತು. ಮೊದಲು ಕದಲದ 5 ಗ್ರಾಂಗೇ ಲಾರಿ ಹೊರಡುತ್ತದೆ. ಕೆಲವೊಮ್ಮೆ ಹಲಗೆಯನ್ನು ಬೆರಳಿನಿಂದ ಒಮ್ಮೆ ತಟ್ಟಬೇಕಾಗುತ್ತದೆ, ಅಷ್ಟೇ. 60 ಸೆಂ.ಮೀ.ಗೆ 3.1 ಸೆಕೆಂಡು. 10 ಗ್ರಾಂಗೆ 2.2, 15ಕ್ಕೆ 1.8, 20ಕ್ಕೆ 1.55. ವೇಗೋತ್ಕರ್ಷ 0.12, 0.25, 0.37, 0.50. ಮಕ್ಕಳೇ ಸೂತ್ರದಿಂದ ತಾಳೆ ನೋಡಲಿ: 10 ಗ್ರಾಂ ತೂಕ ಅಂದರೆ ಸುಮಾರು 0.1 ನ್ಯೂಟನ್, ಅದನ್ನು 0.4 ಕಿ.ಗ್ರಾಂನಿಂದ ಭಾಗಿಸಿದರೆ 0.25. ಹಳೆಯ ಗ್ರಾಫ್ ಹಾಳೆಯಲ್ಲೇ ಹೊಸ ಗೆರೆ ಎಳೆಸಿ. ಎರಡು ಗೆರೆಗಳೂ ಒಂದೇ ಓರೆಯಲ್ಲಿ ಪಕ್ಕಪಕ್ಕ ಹೋಗುತ್ತವೆ, ಒಂದು ಮೂಲಬಿಂದುವಿನಿಂದ, ಇನ್ನೊಂದು 12ರಿಂದ. ಮಟ್ಟದ ಹಲಗೆಯಲ್ಲೂ 5 ಗ್ರಾಂ ಹೆಚ್ಚಿಸಿದಾಗ ವೇಗೋತ್ಕರ್ಷ 0.12ರಷ್ಟೇ ಏರುತ್ತಿತ್ತು. ಹಾಗಾಗಿ ನ್ಯೂಟನ್ ತಪ್ಪು ಅಂದ ಹುಡುಗನನ್ನೇ ಕರೆದು ಆ ಗೆರೆ ಓದಿಸಿ.

ಸಮಯ ಅಳೆಯುವುದು ಈ ಕೆಲಸದ ದುರ್ಬಲ ಜಾಗ. ಸ್ಟಾಪ್‌ವಾಚ್ ಒತ್ತುವ ಬೆರಳು ಸೆಕೆಂಡಿನ ಐದನೇ ಒಂದು ಭಾಗದಷ್ಟು ತಡ ಮಾಡುವುದು ಮಾಮೂಲು, ಮತ್ತು ಸೂತ್ರದಲ್ಲಿ ಸಮಯದ ವರ್ಗ ಇರುವುದರಿಂದ ತಪ್ಪು ಹೆಚ್ಚುಕಮ್ಮಿ ದುಪ್ಪಟ್ಟಾಗುತ್ತದೆ. ಅದಕ್ಕೇ ನಾನು ಲಾರಿಗೆ ಭಾರ ತುಂಬಿಸಿ ಓಟ ನಿಧಾನ ಮಾಡುವುದು. ಸ್ಕೇಲ್ ಎತ್ತುವವರೇ ಗುಂಡಿಯನ್ನೂ ಒತ್ತಲಿ, ಬೇರೆಯವರ “ಸ್ಟಾರ್ಟ್” ಕೂಗಿಗೆ ಕಾಯುವುದು ಬೇಡ. ಫೋನ್ ಇದ್ದರೆ ಇನ್ನೂ ಒಳ್ಳೆಯದು. ಮಾಮೂಲಿ ವಿಡಿಯೊದಲ್ಲಿ ಸೆಕೆಂಡಿಗೆ ಸುಮಾರು 30 ಚಿತ್ರ ಇರುತ್ತವೆ, 2.2 ಸೆಕೆಂಡು ಅಂದರೆ 66 ಚಿತ್ರ, ಒಂದೆರಡು ಆಚೀಚೆಯಾದರೆ ನಷ್ಟವಿಲ್ಲ. ಗೆಲಿಲಿಯೋ ಇಳಿಜಾರಿನಲ್ಲಿ ಕಂಚಿನ ಗುಂಡು ಉರುಳಿಸಿ, ಅಷ್ಟು ಹೊತ್ತಲ್ಲಿ ಪಾತ್ರೆಯಿಂದ ಸುರಿದ ನೀರನ್ನು ತೂಗಿ ಸಮಯ ಲೆಕ್ಕ ಹಾಕುತ್ತಿದ್ದ ಅಂತ ಹೇಳಿದರೆ ಫೋನ್ ಇಲ್ಲದ ಗುಂಪಿನವರು ತಕ್ಷಣ ಬಕೆಟ್ ಹುಡುಕಲು ಹೊರಡುತ್ತಾರೆ, ತಡೆಯಬೇಡಿ.

ರಾಶಿ ಹೆಚ್ಚಿಸುವುದು ಇದಾದ ಮೇಲೆ ಸುಲಭ. ಎಳೆತ 10 ಗ್ರಾಂನಲ್ಲೇ ಇರಲಿ, ಒಟ್ಟು ರಾಶಿಯನ್ನು 800 ಗ್ರಾಂ ಮಾಡಿ. ಸಮಯ ಎಷ್ಟಾಗಬಹುದು ಅಂತ ಮೊದಲೇ ಬರೆಸಿಕೊಂಡರೆ ಎಲ್ಲರೂ 4.4 ಅಂತಾರೆ. ಬರುವುದು 3.1. ವೇಗೋತ್ಕರ್ಷ ಅರ್ಧವಾದರೆ ಸಮಯ ದುಪ್ಪಟ್ಟಾಗುವುದಿಲ್ಲ, 1.4 ಪಟ್ಟಾಗುತ್ತದೆ. ಘರ್ಷಣೆಯೂ ಇಳಿಜಾರಿನ ಎಳೆತವೂ ಭಾರದ ಜೊತೆಗೇ ಏರುವುದರಿಂದ ಓರೆ ಬದಲಿಸಬೇಕಿಲ್ಲ, ಆದರೆ ಅಗ್ಗದ ಪ್ಲಾಸ್ಟಿಕ್ ಲಾರಿಯ ಅಚ್ಚು ಇಷ್ಟು ಭಾರಕ್ಕೆ ಬಗ್ಗಿ ಚಕ್ರ ಬದಿಗೆ ಉಜ್ಜುತ್ತದೆ. ಇನ್ನೊಮ್ಮೆ ನೂಕಿ ನೋಡಿಯೇ ಮುಂದುವರಿಯಿರಿ.

ಮೂರನೇ ನಿಯಮಕ್ಕೆ ಈ ಹಲಗೆ ಅಷ್ಟೇನೂ ಉಪಯೋಗವಿಲ್ಲ, ಅದಕ್ಕೆ ಬಲೂನ್ ಕಾರೇ ವಾಸಿ.

ಸಮಯ ಉಳಿದರೆ ದಾರ ಉದ್ದ ಮಾಡಿ, ಲಾರಿ 60 ಸೆಂ.ಮೀ. ಮುಟ್ಟುವಾಗಲೇ 10 ಗ್ರಾಂ ವಾಷರ್ ನೆಲ ಮುಟ್ಟುವಂತೆ ಹೊಂದಿಸಿ. ಅಲ್ಲಿಂದ ಮುಂದೆ ದಾರ ಸಡಿಲ, ಎಳೆಯುವವರು ಯಾರೂ ಇಲ್ಲ. ಅಷ್ಟು ಹೊತ್ತಿಗೆ ಲಾರಿಯ ವೇಗ 0.25ನ್ನು 2.2ರಿಂದ ಗುಣಿಸಿದಷ್ಟು, ಅಂದರೆ ಸೆಕೆಂಡಿಗೆ 55 ಸೆಂ.ಮೀ. ಮುಂದಿನ 30 ಸೆಂ.ಮೀ. ಎಷ್ಟು ಸೆಕೆಂಡು ಅಂತ ಮಕ್ಕಳು ಮೊದಲು ಲೆಕ್ಕ ಹಾಕಲಿ, ಆಮೇಲೆ ವಿಡಿಯೊದಲ್ಲಿ ಚಿತ್ರ ಎಣಿಸಲಿ. 16–17 ಬಂದರೆ ಓರೆ ಸರಿಯಿದೆ. 20ರ ಮೇಲೆ ಹೋದರೆ ಹಲಗೆಯ ಕೆಳಗೆ ತೆಳುವಾದ ಇನ್ನೊಂದು ನೋಟ್‌ಬುಕ್ ಬೇಕು. ರಾಟೆಯ ಹತ್ತಿರ ಒಂದು ಮಡಿಸಿದ ಬಟ್ಟೆ ಇಡಲು ಮರೆಯಬೇಡಿ, ಲಾರಿ ಅಲ್ಲಿಗೆ ಜೋರಾಗಿಯೇ ಬಂದು ಬಡಿಯುತ್ತದೆ.