ಲೇಬಲ್ ಬೆಲೆಯನ್ನೇ ಕಂತು ಮಾಡಿದ್ದಾರೆ, ಬಡ್ಡಿ ಎಲ್ಲಿಂದ ಬಂತು?

ಪ್ರಶ್ನೆ: ಸರ್, ಶಿವಮೊಗ್ಗದ ಅಂಗಡಿಯೊಂದರಲ್ಲಿ ಮಂಚ, ಬೀರು, ಕನ್ನಡಿ ಮೇಜು ಸೇರಿ ಐವತ್ತು ಸಾವಿರದ ಸೆಟ್ ನೋಡಿದ್ದೇವೆ. ಹತ್ತು ಸಾವಿರ ಮುಂಗಡ, ಆಮೇಲೆ ತಿಂಗಳಿಗೆ ನಾಲ್ಕು ಸಾವಿರದಂತೆ ಹತ್ತು ಕಂತು. ಕೂಡಿದರೆ ಸರಿಯಾಗಿ ಐವತ್ತು ಸಾವಿರವೇ ಆಗುತ್ತದೆ. ಇದರಲ್ಲಿ ಬಡ್ಡಿ ಇದೆ ಎಂದು ಕೆಲವರು ಹೆದರಿಸುತ್ತಿದ್ದಾರೆ. ಹೌದೇ?

ಹೌದು. ಸುಮಾರು ಮೂವತ್ತೇಳು ಪರ್ಸೆಂಟ್ ಬಡ್ಡಿ ಇದೆ.

ಇದೇ ಪ್ರಶ್ನೆ ಪ್ರತಿ ವರ್ಷ ಮದುವೆಯ ಕಾಲಕ್ಕೆ ಸರಿಯಾಗಿ ಬರುತ್ತದೆ. ಸಾಗರದಿಂದ ಒಬ್ಬರು, ತೀರ್ಥಹಳ್ಳಿಯಿಂದ ಇಬ್ಬರು ಕೇಳುತ್ತಾರೆ. ವಸ್ತು ಬದಲಾಗುತ್ತದೆಯೇ ಹೊರತು ಕೊನೆಯ ವಾಕ್ಯ ಬದಲಾಗುವುದಿಲ್ಲ: ‘ಕೂಡಿದರೆ ಲೇಬಲ್ ಬೆಲೆಯೇ ಆಗುತ್ತದೆ.’ ಇಪ್ಪತ್ತೆಂಟು ವರ್ಷ ವಾಣಿಜ್ಯ ಪಾಠ ಮಾಡಿದವನಿಗೆ ಈ ವಾಕ್ಯ ಕೇಳಿದರೆ ಸೀಮೆಸುಣ್ಣ ಹುಡುಕುವಂತಾಗುತ್ತದೆ. ಕೂಡುವುದರಲ್ಲಿ ನಿಮ್ಮ ತಪ್ಪೇನೂ ಇಲ್ಲ. ಕೂಡಿದ್ದನ್ನು ಯಾವುದರ ಜೊತೆ ಹೋಲಿಸಿದಿರಿ ಎಂಬಲ್ಲಿ ತಪ್ಪಿದೆ.

ಲೇಬಲ್ ಎಂದರೆ ಅಂಗಡಿಯವರು ತಾವೇ ಬರೆದು ಅಂಟಿಸಿದ ಚೀಟಿ. ಸಾಬೂನಿನ ಮೇಲೆ ಅಚ್ಚಾದ ಬೆಲೆಯ ಹಾಗೆ ಎಲ್ಲ ಅಂಗಡಿಗಳಲ್ಲೂ ಒಂದೇ ಇರುವಂಥದ್ದಲ್ಲ. ಬಡಗಿಯೋ ಕಾರ್ಖಾನೆಯೋ ಕೊಟ್ಟ ಮಂಚಕ್ಕೆ ಅಂಗಡಿಯವರು ತಮಗೆ ಬೇಕಾದ ಬೆಲೆ ಬರೆಯಬಹುದು, ನೋಟು ಎಣಿಸಿ ಕೊಡುವ ಗಿರಾಕಿಗೆ ಅದರಲ್ಲಿ ಇಳಿಸಲೂಬಹುದು. ಇಳಿಸಿದ ಮೇಲೆ ನಿಲ್ಲುವ ಬೆಲೆಯೇ ಆ ವಸ್ತುವಿನ ನಿಜವಾದ ಬೆಲೆ. ನಿಮ್ಮ ಐವತ್ತು ಸಾವಿರವನ್ನು ಹೋಲಿಸಬೇಕಾದದ್ದು ಅದರ ಜೊತೆ.

ಕಳೆದ ವರ್ಷ ನನ್ನ ತಂಗಿಯ ಮಗನ ಜೊತೆ ಹೊಸ ಮನೆಗೆ ಸಾಮಾನು ನೋಡಲು ಹೋಗಿದ್ದೆ. ‘ಮಾವ, ಇದರಲ್ಲಿ ಬಡ್ಡಿ ಇಲ್ಲವಂತೆ’ ಎಂದು ಅವನು ದಾರಿಯುದ್ದಕ್ಕೂ ಹೇಳುತ್ತಲೇ ಬಂದಿದ್ದ. ಒಳಗೆ ಹೋಗುವ ಮೊದಲು, ಕಂತಿನ ಮಾತನ್ನು ಎತ್ತಬೇಡ ಎಂದು ಅವನಿಗೆ ತಾಕೀತು ಮಾಡಿದ್ದೆ. ಲೆಕ್ಕಕ್ಕಿಂತ ಈ ಸಂಗತಿ ಮುಖ್ಯ. ಕಂತು ಎಂಬ ಪದ ಕಿವಿಗೆ ಬಿದ್ದ ಮರುಕ್ಷಣ ರಿಯಾಯಿತಿ ಕಾಣೆಯಾಗುತ್ತದೆ. ಹತ್ತು ನಿಮಿಷ ಬೀರುವಿನ ಬಾಗಿಲು ತೆಗೆದು ಹಾಕಿ, ಮಂಚದ ಕಾಲು ಅಲ್ಲಾಡಿಸಿ ನೋಡಿ, ‘ಈಗಲೇ ಪೂರ್ತಿ ದುಡ್ಡು ಕೊಟ್ಟರೆ ಎಷ್ಟಕ್ಕೆ ಬಿಡುತ್ತೀರಿ?’ ಎಂದು ಕೇಳಿದೆ. ಅಂಗಡಿಯ ಯಜಮಾನರು ಕ್ಯಾಲ್ಕುಲೇಟರ್ ಒತ್ತಿ, ವಿಸಿಟಿಂಗ್ ಕಾರ್ಡಿನ ಹಿಂದೆ 44,000 ಎಂದು ಬರೆದು ಕೈಗಿಟ್ಟರು. ಅದೂ ಐವತ್ತು ಸಾವಿರದ ಲೇಬಲ್ ಇದ್ದ ಸೆಟ್ಟೇ. ಆಮೇಲೆ ಕಂತಿನ ವಿಷಯ ಎತ್ತಿದೆವು. ‘ಕಂತಿಗಾದರೆ ಲೇಬಲ್ ಬೆಲೆಯೇ ಸಾರ್, ಆದರೆ ಬಡ್ಡಿ ಒಂದು ರೂಪಾಯಿಯೂ ಇಲ್ಲ’ ಎಂದರು. ಹತ್ತು ಸಾವಿರ ಮುಂಗಡ, ನಾಲ್ಕು ಸಾವಿರದ ಹತ್ತು ಕಂತು. ಥೇಟ್ ನಿಮ್ಮದೇ ಯೋಜನೆ.

ಈಗ ಆ ಕಾರ್ಡನ್ನು ಮುಂದಿಟ್ಟುಕೊಂಡು ಲೆಕ್ಕ ಮಾಡಿ. ಸಾಮಾನಿನ ಬೆಲೆ 44,000. ನೀವು ಅಲ್ಲೇ ಕೊಡುವುದು 10,000. ಅಂದರೆ ಅಂಗಡಿ ನಿಮಗೆ ಕೊಟ್ಟ ಸಾಲ 34,000. ಅದಕ್ಕೆ ನೀವು ಹತ್ತು ತಿಂಗಳಲ್ಲಿ ತಿರುಗಿಸುವುದು 40,000. ಮೇಲಿನ ಆರು ಸಾವಿರಕ್ಕೆ ಬಡ್ಡಿ ಎನ್ನದೆ ಇನ್ನೇನು ಹೆಸರಿಡುತ್ತೀರಿ? ಅಂಗಡಿಯವರು ಅದಕ್ಕೆ ‘ಸಿಗದ ರಿಯಾಯಿತಿ’ ಎನ್ನುತ್ತಾರೆ. ಹೆಸರು ಯಾವುದಾದರೂ ಇರಲಿ, ಕಾಯುವುದಕ್ಕಾಗಿ ಕೊಟ್ಟ ದುಡ್ಡು ಬಡ್ಡಿಯೇ.

ಇಲ್ಲಿಗೆ ಬರುವಷ್ಟರಲ್ಲಿ ಜಾಣ ವಿದ್ಯಾರ್ಥಿ ಕೈ ಎತ್ತುತ್ತಾನೆ. ‘ಐವತ್ತು ಸಾವಿರಕ್ಕೆ ಆರು ಸಾವಿರ ಎಂದರೆ ಹನ್ನೆರಡು ಪರ್ಸೆಂಟ್. ಬ್ಯಾಂಕಿಗೇನು ಕಡಿಮೆಯೇ?’ ಈ ಹನ್ನೆರಡರ ಭ್ರಮೆ ಮಹಾ ಹಠಮಾರಿ. ನಾಲ್ಕು ಸಲ ಬಿಡಿಸಿ ಹೇಳಿದರೂ ಐದನೆಯ ಸಲ ಬಾಗಿಲು ತಟ್ಟುತ್ತದೆ.

ಮೊದಲಿಗೆ, ನಿಮಗೆ ಸಾಲ ಸಿಕ್ಕಿದ್ದು ಐವತ್ತು ಸಾವಿರವಲ್ಲ, ಮೂವತ್ತನಾಲ್ಕು ಸಾವಿರ. ಎರಡನೆಯದಾಗಿ, ಅದು ಸಿಕ್ಕಿದ್ದು ಒಂದು ವರ್ಷಕ್ಕಲ್ಲ, ಹತ್ತು ತಿಂಗಳಿಗೆ. ಇವೆರಡನ್ನೂ ಹೆಚ್ಚಿನವರು ಒಪ್ಪುತ್ತಾರೆ. ಯಾರ ಕಣ್ಣಿಗೂ ಬೀಳದೆ ತಪ್ಪಿಸಿಕೊಳ್ಳುವುದು ಮೂರನೆಯದು: ಆ ಮೂವತ್ತನಾಲ್ಕು ಸಾವಿರ ಹತ್ತು ತಿಂಗಳೂ ನಿಮ್ಮ ಬಳಿ ಇರುವುದಿಲ್ಲ. ತಿಂಗಳು ತಿಂಗಳೂ ಅದನ್ನು ಹಿಂತಿರುಗಿಸುತ್ತಲೇ ಇರುತ್ತೀರಿ.

ನಮ್ಮ ಕಡೆಯವರಿಗೆ ಇದನ್ನು ಅಡಿಕೆ ಮಂಡಿಯ ಲೆಕ್ಕದಲ್ಲಿ ಹೇಳಿದರೆ ಬೇಗ ಹತ್ತುತ್ತದೆ. ಮಂಡಿಯಿಂದ ಮೂವತ್ತನಾಲ್ಕು ಸಾವಿರ ಮುಂಗಡ ತಂದಿರಿ ಎನ್ನಿ. ಕೊಯ್ಲು ಮುಗಿದು ಅಡಿಕೆ ಹಾಕುವವರೆಗೆ ಅಷ್ಟೂ ದುಡ್ಡು ನಿಮ್ಮ ಕೈಯಲ್ಲೇ ಇರುತ್ತದೆ, ಬಡ್ಡಿಯೂ ಅಷ್ಟಕ್ಕೂ ಬೀಳುತ್ತದೆ. ಅದರ ಬದಲು ಪ್ರತಿ ತಿಂಗಳೂ ಒಂದೊಂದು ಮೂಟೆ ಅಡಿಕೆ ಹಾಕಿ ಸಾಲ ಇಳಿಸುತ್ತಾ ಬಂದಿರಿ ಎಂದುಕೊಳ್ಳಿ. ಆಗಲೂ ಮಂಡಿಯವರು ಮೊದಲ ದಿನದ ಮೂವತ್ತನಾಲ್ಕು ಸಾವಿರಕ್ಕೇ ಬಡ್ಡಿ ಹಚ್ಚಿದರೆ ಸುಮ್ಮನಿರುತ್ತೀರಾ? ಲೆಕ್ಕದ ಪುಸ್ತಕ ತೆಗೆಸಿ, ಬಾಕಿ ಎಷ್ಟಿದೆಯೋ ಅಷ್ಟಕ್ಕೆ ಹಚ್ಚಿ ಎಂದು ಜಗಳ ತೆಗೆಯುತ್ತೀರಿ. ಮಂಡಿಯಲ್ಲಿ ಇರುವ ಈ ಎಚ್ಚರ ಪೀಠೋಪಕರಣದ ಅಂಗಡಿಯಲ್ಲಿ ಎಲ್ಲಿಗೆ ಹೋಗುತ್ತದೋ ನನಗೆ ಇನ್ನೂ ತಿಳಿದಿಲ್ಲ.

ನಿಮ್ಮ ಕಂತುಗಳನ್ನೇ ಹಾಗೆ ಬಿಡಿಸಿದರೆ ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ ಏಳು ಪೈಸೆಯಂತೆ ಬಡ್ಡಿ ಬೀಳುತ್ತದೆ. ಮೊದಲ ತಿಂಗಳು 34,000 ರೂಪಾಯಿಗೆ ಸುಮಾರು 1,044 ಬಡ್ಡಿ. ನೀವು ಕಟ್ಟಿದ ನಾಲ್ಕು ಸಾವಿರದಲ್ಲಿ ಅದು ಕಳೆದು, ಅಸಲಿಗೆ ಜಮೆಯಾಗುವುದು ಮೂರು ಸಾವಿರಕ್ಕಿಂತ ಕಡಿಮೆ. ಬಾಕಿ 31,044ಕ್ಕೆ ಇಳಿಯುತ್ತದೆ, ಮುಂದಿನ ತಿಂಗಳ ಬಡ್ಡಿ 953 ಆಗುತ್ತದೆ. ಹೀಗೆ ಇಳಿಯುತ್ತಾ ಕೊನೆಯ ಕಂತಿನಲ್ಲಿ ಬಡ್ಡಿ 119 ರೂಪಾಯಿ ಮಾತ್ರ. ಹತ್ತನ್ನೂ ಕೂಡಿದರೆ ಆರು ಸಾವಿರ. ವರ್ಷದ ದರ 36.8. ಹನ್ನೆರಡಲ್ಲ.

ನನ್ನ ಮೇಲೆ ನಂಬಿಕೆ ಇಲ್ಲದವರು ಮೊಬೈಲಿನಲ್ಲಿ ಯಾವುದಾದರೂ ಲೆಕ್ಕದ ಹಾಳೆ ತೆರೆದು ಇದನ್ನು ಬರೆಯಿರಿ:

```
=RATE(10,-4000,34000)*12
```

ಉತ್ತರ 0.368 ಬರುತ್ತದೆ, ಅಂದರೆ ಶೇ. 36.8. ಕಂತಿನ ಸಂಖ್ಯೆ, ಕಂತಿನ ಮೊತ್ತ, ನಿಜವಾದ ಸಾಲ, ಈ ಮೂರನ್ನು ನಿಮ್ಮ ಯೋಜನೆಗೆ ತಕ್ಕಂತೆ ಬದಲಿಸಿಕೊಂಡರೆ ಸಾಕು. ‘ಫೈಲ್ ಚಾರ್ಜ್’ ಎಂದು ಐನೂರು ರೂಪಾಯಿ ಮೊದಲೇ ತೆಗೆದುಕೊಂಡರೆ ಸಾಲವನ್ನು 33,500 ಎಂದು ಹಾಕಿ ನೋಡಿ. ದರ ನಲವತ್ತನ್ನು ಮುಟ್ಟುತ್ತದೆ. ಇಷ್ಟು ಸಣ್ಣ ಶುಲ್ಕ ಇಷ್ಟು ಎಳೆಯುತ್ತದೆ ಎಂಬುದು ತರಗತಿಯಲ್ಲಿ ಯಾರೂ ಊಹಿಸದ ಉತ್ತರವಾಗಿತ್ತು.

ಬಡ್ಡಿ ಇಲ್ಲದ ಕಂತು ಎಂಬುದು ಮಾತಿನ ಆಟ ಎಂದು ನಾನೊಬ್ಬನೇ ಹೇಳುತ್ತಿಲ್ಲ. ಶೂನ್ಯ ಬಡ್ಡಿ ಎಂಬುದೇ ಅಸ್ತಿತ್ವದಲ್ಲಿಲ್ಲ ಎಂದು ರಿಸರ್ವ್ ಬ್ಯಾಂಕ್ 2013ರ ಸೆಪ್ಟೆಂಬರಿನಲ್ಲೇ ಬ್ಯಾಂಕುಗಳಿಗೆ ತಿಳಿಸಿದೆ. ಅಂಗಡಿಯೊಳಗೆ ಮೇಜು ಹಾಕಿಕೊಂಡು ಕುಳಿತ ಬ್ಯಾಂಕು ಅಥವಾ ಹಣಕಾಸು ಕಂಪನಿಯಿಂದ ಸಾಲ ಪಡೆದರೆ, 2024ರ ಅಕ್ಟೋಬರಿನಿಂದ ಅವರು ಶುಲ್ಕಗಳನ್ನೂ ಸೇರಿಸಿದ ವಾರ್ಷಿಕ ದರವನ್ನು ಒಂದು ಹಾಳೆಯಲ್ಲಿ ಬರೆದು ಕೊಡಲೇಬೇಕು. ಆದರೆ ಆ ಹಾಳೆಯೂ ನೀವು ಬಿಟ್ಟುಕೊಟ್ಟ ರಿಯಾಯಿತಿಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಅದನ್ನು ನೀವೇ ಸೇರಿಸಿಕೊಳ್ಳಬೇಕು. ಅಂಗಡಿಯವರದೇ ಸ್ವಂತ ಯೋಜನೆಯಾದರೆ ಆ ಹಾಳೆಯೂ ಇಲ್ಲ. ಇರುವುದು ಹತ್ತು ಚೌಕದ ಒಂದು ಕಾರ್ಡು, ಪ್ರತಿ ಚೌಕಕ್ಕೂ ಒಂದು ಸಹಿ.

ಅಂಗಡಿಯವರು ಮೋಸಗಾರರು ಎಂದು ನಾನು ಹೇಳುತ್ತಿಲ್ಲ. ಹತ್ತು ಗಿರಾಕಿಗಳಲ್ಲಿ ಒಬ್ಬ ಮೂರನೆಯ ಕಂತಿಗೇ ಫೋನ್ ಎತ್ತುವುದನ್ನು ಬಿಡುತ್ತಾನೆ, ಅವನ ಪಾಲನ್ನೂ ಅವರು ಎಲ್ಲಿಂದಲಾದರೂ ಹುಟ್ಟಿಸಬೇಕು. ಆ ಪಾಲಿನಲ್ಲಿ ನಿಮ್ಮದೂ ಇದೆ ಎಂಬುದು ನಿಮಗೆ ಗೊತ್ತಿದ್ದರೆ ಸಾಕು.

ನೀವು ಕೇಳದ ಇನ್ನೊಂದು ಪ್ರಶ್ನೆ ಇದೆ. ಕೇಳಿದ್ದಕ್ಕಿಂತ ಅದೇ ದೊಡ್ಡದು. ಆ ಬೀರು ಯಾರದು?

ಕಾಗದದಲ್ಲಿ ‘ಬಾಡಿಗೆ ಖರೀದಿ’ ಅಥವಾ ಹೈರ್ ಪರ್ಚೇಸ್ ಎಂದಿದ್ದರೆ, ಕೊನೆಯ ಕಂತು ಕಟ್ಟುವವರೆಗೆ ಅದು ಅಂಗಡಿಯದು. ನೀವು ಕಟ್ಟುತ್ತಿರುವುದು ಬಾಡಿಗೆ, ಜೊತೆಗೆ ಕೊನೆಯಲ್ಲಿ ಕೊಳ್ಳುವ ಹಕ್ಕು. ಬರೀ ಕಂತಿನ ಮಾರಾಟವಾದರೆ ಹಾಗಲ್ಲ, ವಸ್ತು ಮೊದಲ ದಿನವೇ ನಿಮ್ಮದು, ಬಾಕಿ ಉಳಿಯುವುದು ದುಡ್ಡು ಮಾತ್ರ. ಎರಡೂ ಕಾರ್ಡುಗಳು ನೋಡಲು ಒಂದೇ ಥರ ಇರುತ್ತವೆ, ಹಿಂಬದಿಯ ಸಣ್ಣ ಅಕ್ಷರದಲ್ಲಿ ವ್ಯತ್ಯಾಸವಿರುತ್ತದೆ. ಮಗಳ ಮದುವೆಗೆಂದು ಬಾಡಿಗೆ ಖರೀದಿಯಲ್ಲಿ ಬೀರು ತಂದು, ಎರಡನೆಯ ಕಂತಿಗೇ ಅದನ್ನು ಬೀಗರ ಮನೆಗೆ ಕಳಿಸಿದವರಿದ್ದಾರೆ. ಕಾನೂನಿನ ಪ್ರಕಾರ ಅವರು ಕಳಿಸಿದ್ದು ಅಂಗಡಿಯವರ ಸ್ವತ್ತನ್ನು. ಕಂತು ತಪ್ಪಿದರೆ ಅಂಗಡಿ ವಸ್ತುವನ್ನು ವಾಪಸು ಕೇಳಬಹುದು, ಕಟ್ಟಿದ ಕಂತುಗಳನ್ನು ಬಾಡಿಗೆ ಎಂದು ಇಟ್ಟುಕೊಳ್ಳಬಹುದು. ಆದರೆ ನಾಲ್ಕು ಜನರನ್ನು ಕಟ್ಟಿಕೊಂಡು ನಿಮ್ಮ ಮನೆಗೆ ನುಗ್ಗುವ ಹಕ್ಕು ಯಾವ ಸಹಿಯಿಂದಲೂ ಅವರಿಗೆ ಬರುವುದಿಲ್ಲ.

ಇದಕ್ಕೆಂದೇ ಒಂದು ಕಾನೂನು ಇತ್ತು, 1972ರ ಬಾಡಿಗೆ ಖರೀದಿ ಕಾಯಿದೆ. ಬಾಡಿಗೆ ಖರೀದಿಯ ಬೆಲೆಯ ಪಕ್ಕದಲ್ಲೇ ನಗದು ಬೆಲೆಯನ್ನೂ ಕರಾರಿನಲ್ಲಿ ಬರೆಯಬೇಕು ಎಂದು ಅದರಲ್ಲಿತ್ತು. ನಾನು ವಿಸಿಟಿಂಗ್ ಕಾರ್ಡಿನ ಹಿಂದೆ ಬರೆಸಿಕೊಂಡದ್ದನ್ನು ಅದು ಎಲ್ಲರಿಗೂ ಕೊಡಿಸುತ್ತಿತ್ತು. ಸಂಸತ್ತು ಒಪ್ಪಿದರೂ ಅದು ಜಾರಿಗೆ ಬರಲೇ ಇಲ್ಲ, 2005ರಲ್ಲಿ ರದ್ದಾಯಿತು. ಈಗ ನಿಮ್ಮ ಕಾಗದದಲ್ಲಿ ಏನಿದೆಯೋ ಅದೇ ಕಾನೂನು.

ಆ ಕಾಗದದಲ್ಲಿ ಇನ್ನೊಂದು ಸಾಲನ್ನು ಹುಡುಕಿ: ಬಾಕಿಯನ್ನು ಮುಂಚಿತವಾಗಿ ತೀರಿಸಿದರೆ ಎಷ್ಟು ಬಿಡುತ್ತಾರೆ? ಐದು ಕಂತು ಮುಗಿದಾಗ ಅಡಿಕೆ ದುಡ್ಡು ಬಂತು ಎನ್ನಿ. ಅಂಗಡಿಯವರು ಉಳಿದ ಐದು ಕಂತಿಗೆ ಇಪ್ಪತ್ತು ಸಾವಿರ ಕೇಳುತ್ತಾರೆ. ನಿಜವಾದ ಬಾಕಿ ಆಗ ಹದಿನೆಂಟು ಸಾವಿರದ ಇನ್ನೂರ ಎಂಬತ್ತರ ಆಸುಪಾಸಿನಲ್ಲಿರುತ್ತದೆ. ಇನ್ನೂ ಹುಟ್ಟದ ಬಡ್ಡಿಯನ್ನೂ ಕಟ್ಟಿ ಬಂದವರೇ ಹೆಚ್ಚು. ಬಿಡುತ್ತೇವೆ ಎಂದು ಬಾಯಲ್ಲಿ ಹೇಳಿದರೆ, ಮುಂಗಡ ಕೊಡುವ ಮೊದಲು ಕಾರ್ಡಿನ ಮೇಲೆ ಬರೆಸಿ ಸಹಿ ಹಾಕಿಸಿಕೊಳ್ಳಿ. ಮಾತು ತಪ್ಪಿದರೆ ಶಿವಮೊಗ್ಗದಲ್ಲೇ ಜಿಲ್ಲಾ ಗ್ರಾಹಕರ ಆಯೋಗವಿದೆ. ಐದು ಲಕ್ಷದೊಳಗಿನ ವ್ಯವಹಾರಕ್ಕೆ ಅಲ್ಲಿ ದೂರಿನ ಶುಲ್ಕವಿಲ್ಲ. ಆದರೆ ಆಯೋಗದ ಮುಂದೆ ಇಡಲು ಕಾಗದ ಬೇಕು.

ನನ್ನ ತಂಗಿಯ ಮಗ ಏನು ಮಾಡಿದ ಎಂದು ಕೇಳಬಹುದು. ಕೈಯಲ್ಲಿದ್ದ ಹತ್ತು ಸಾವಿರದ ಜೊತೆಗೆ, ಹೆಂಡತಿಯ ಒಂದು ಜೊತೆ ಬಳೆಯನ್ನು ಊರಿನ ಸಹಕಾರ ಸಂಘದಲ್ಲಿ ಅಡವಿಟ್ಟು 34,000 ತಂದ. ಅಲ್ಲಿನ ಬಡ್ಡಿ ಅಂಗಡಿಯ ಲೆಕ್ಕದ ಮೂರನೇ ಒಂದು ಪಾಲಿನಷ್ಟೂ ಇರಲಿಲ್ಲ. ದುಡ್ಡು ಎಣಿಸಿ ಕೊಡುವಾಗ ನಾನು ಅದೇ ವಿಸಿಟಿಂಗ್ ಕಾರ್ಡನ್ನು ಮೇಜಿನ ಮೇಲಿಟ್ಟೆ. ಯಜಮಾನರು ನಕ್ಕು, ಇನ್ನೂ ಐನೂರು ಬಿಟ್ಟು, ಸಾಗಣೆಯ ಆಟೊ ಬಾಡಿಗೆಗೆ ಅದನ್ನೇ ವಜಾ ಮಾಡಿಕೊಂಡರು.